ಸುಳ್ಳ ಅಂತ ಬರೆದು ಕೈತೊಳೆದುಕೊಳ್ಳಬೇಡಿ

ಪ್ರತಿ ವರ್ಷ ಕಾದಂಬರಿಗಳ ಮೇಲಿನ ಅಸೈನ್‌ಮೆಂಟ್ ತಿದ್ದಲು ಕೂತಾಗ, ಕತೆ ಹೇಳುವ ಪಾತ್ರದ ಬಗ್ಗೆ ಒಂದು ವಾಕ್ಯ ಸಿಕ್ಕೇ ಸಿಗುತ್ತದೆ: 'ಈ ನಿರೂಪಕ ಸುಳ್ಳುಗಾರ, ಆದ್ದರಿಂದ ನಂಬಲು ಅರ್ಹನಲ್ಲ.' ಅಲ್ಲಿಗೆ ಪ್ರಬಂಧ ಮುಗಿಯಿತು! ನಂಬಬಾರದು ಅಂತ ನಿಮಗೆ ಗೊತ್ತಾಗಿದ್ದು ಯಾವ ಪುಟದಲ್ಲಿ, ಯಾರ ಮಾತಿನಿಂದ? ನನಗೆ ಬೇಕಾಗಿದ್ದು ಅದು.

ಕಜುವೊ ಇಶಿಗುರೊ ಅವರ ಇಂಗ್ಲಿಷ್ ಕಾದಂಬರಿ 'ದಿ ರಿಮೇನ್ಸ್ ಆಫ್ ದಿ ಡೇ' (1989) ತಗೊಳ್ಳಿ. ಕತೆ ಹೇಳುವವನು ಸ್ಟೀವನ್ಸ್ ಎಂಬ ಬಟ್ಲರ್, ಅಂದರೆ ಶ್ರೀಮಂತರ ಮನೆಯ ಮುಖ್ಯ ಸೇವಕ. 1923ರಲ್ಲಿ ಯಜಮಾನನ ಮನೆಯಲ್ಲಿ ದೊಡ್ಡ ಸಮ್ಮೇಳನ ನಡೆಯುತ್ತಿದೆ, ಮಹಡಿಯ ಮೇಲೆ ಇವನ ಅಪ್ಪ ಸಾಯುತ್ತಿದ್ದಾನೆ, ಇವನು ಕೆಳಗೆ ಅತಿಥಿಗಳಿಗೆ ಮದ್ಯ ಬಡಿಸುತ್ತಿದ್ದಾನೆ. ದುಃಖವಾಯಿತು ಅಂತ ಒಂದು ಮಾತೂ ಬರುವುದಿಲ್ಲ. ಆದರೆ ಒಬ್ಬ ಅತಿಥಿ 'ಆರಾಮಾಗಿದ್ದೀಯಾ?' ಅಂತ ಕೇಳುತ್ತಾನೆ. ಆಮೇಲೆ ಯಜಮಾನ 'ಅಳುತ್ತಿರುವ ಹಾಗೆ ಕಾಣುತ್ತೀಯಲ್ಲ' ಅನ್ನುತ್ತಾನೆ. ಸ್ಟೀವನ್ಸ್ ನಕ್ಕು, ಕರ್ಚೀಫಿನಿಂದ ಮುಖ ಒರೆಸಿಕೊಂಡು, ದಿನವಿಡೀ ಕೆಲಸ ಜಾಸ್ತಿಯಾಯಿತು ಅಂತ ಜಾರಿಕೊಳ್ಳುತ್ತಾನೆ.

ನೋಡಿ, ಇಲ್ಲಿ ಸುಳ್ಳು ಎಲ್ಲಿದೆ? ನಡೆದದ್ದನ್ನೆಲ್ಲ ಅವನೇ ಹೇಳಿದ್ದಾನೆ. ಕಣ್ಣೀರನ್ನು ಮಾತ್ರ ಹೇಳಿಲ್ಲ. ಅದು ನಮಗೆ ಕಾಣುವುದು ಯಜಮಾನನ ಬಾಯಲ್ಲಿ. ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು, 'ಸರ್, ಆ ಯಜಮಾನನ ಮಾತನ್ನೂ ಸ್ಟೀವನ್ಸೇ ತಾನೆ ನಮಗೆ ಹೇಳ್ತಿರೋದು, ಅದನ್ನ ಹೇಗೆ ನಂಬೋದು?' ಒಳ್ಳೆಯ ಪ್ರಶ್ನೆ, ಅಲ್ವಾ? ತನ್ನ ಮರ್ಯಾದೆ ಕಾಯಲು ಒದ್ದಾಡುವವನು ತನ್ನನ್ನೇ ಬಿಟ್ಟುಕೊಡುವ ಮಾತನ್ನು ಸುಮ್ನೆ ಹುಟ್ಟಿಸಿ ಹೇಳಲಾರ. ಅದಕ್ಕೇ ನಂಬುತ್ತೇವೆ. ಇದೇ ನಿಯಮ ಎಲ್ಲ ಕಾದಂಬರಿಗೂ ನಡೆಯುತ್ತದೆ ಅಂತ ನಾನು ಹೇಳಲಾರೆ, ಕೆಲವು ನಿರೂಪಕರು ತಮ್ಮ ತಪ್ಪನ್ನು ಒಪ್ಪಿಕೊಂಡೇ ನಮ್ಮನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ.

ಇನ್ನು ನಮ್ಮ ತೀರ್ಪಿನ ವಿಷಯ. ಆ ರಾತ್ರಿಯನ್ನು ನೆನೆದಾಗ ತನಗೆ ಗೆದ್ದ ಭಾವನೆ ಬರುತ್ತದೆ ಅನ್ನುತ್ತಾನೆ ಸ್ಟೀವನ್ಸ್. ಅಷ್ಟರಲ್ಲಿ ಅವನಿಗೇ ಗೊತ್ತಿಲ್ಲದ ಅವನ ದುಃಖ ನಮಗೆ ಗೊತ್ತಾಗಿರುತ್ತದೆ, ಅದನ್ನು ಕಂಡುಹಿಡಿದವರು ನಾವೇ ಅನ್ನುವ ಸಣ್ಣ ಹೆಮ್ಮೆಯೂ ಇರುತ್ತದೆ. ನಾವೇ ಕಂಡುಹಿಡಿದದ್ದನ್ನು ನಾವು ಅನುಮಾನಿಸುವುದು ಕಡಿಮೆ. ಯಜಮಾನನ ಅಪ್ಪಣೆಯಂತೆ ಇಬ್ಬರು ಯಹೂದಿ ಕೆಲಸದ ಹುಡುಗಿಯರನ್ನು, ಅವರು ಯಹೂದಿಗಳೆಂಬ ಒಂದೇ ಕಾರಣಕ್ಕೆ, ಇವನು ಮನೆಯಿಂದ ಕಳಿಸುವ ಪ್ರಸಂಗ ಬರುವುದು ಇದಾದ ಮೇಲೆ. ಆಗ ಓದುಗ ಏನು ಮಾಡುತ್ತಾನೆ? 'ಪಾಪ, ಒಳಗೊಳಗೇ ನೊಂದಿರಬೇಕು' ಅಂತ ಅವನ ಪರವಾಗಿ ತಾನೇ ವಕಾಲತ್ತು ವಹಿಸುತ್ತಾನೆ. ಈ ಎರಡು ಪ್ರಸಂಗಗಳ ಜಾಗ ಅದಲುಬದಲಾಗಿದ್ದರೆ ಅಪ್ಪನ ಸಾವಿನ ರಾತ್ರಿ ಅವನ ಮೇಲೆ ನಮಗೆ ಅಷ್ಟು ಕನಿಕರ ಬರುತ್ತಿತ್ತೇ? ಪ್ರಬಂಧವನ್ನು ಈ ಪ್ರಶ್ನೆಯಿಂದ ಶುರು ಮಾಡಿ.