ಈ ‘ಡಿಡ್’ ಎಲ್ಲಿಂದ ಬಂತು? ನಾಟ್ ಓನ್ಲಿ, ಹಾರ್ಡ್ಲಿ, ನೆವರ್ ಟಿಪ್ಪಣಿ

ನಿಯಮ ಚಿಕ್ಕದು. ಇಂಗ್ಲಿಷ್‌ನಲ್ಲಿ ‘ನಾಟ್ ಓನ್ಲಿ’, ‘ಹಾರ್ಡ್ಲಿ’, ‘ನೆವರ್’ ಪದಗಳು ವಾಕ್ಯದ ಮೊದಲಿಗೆ ಬಂದು ಇಡೀ ಕ್ರಿಯೆಗೆ ಒತ್ತು ಕೊಟ್ಟರೆ, ಪ್ರಶ್ನೆ ಕೇಳುವಾಗಿನ ಹಾಗೆ ಹೆಲ್ಪಿಂಗ್ ವರ್ಬ್ ಕರ್ತೃವಿನ ಮುಂದೆ ಬರುತ್ತದೆ. ತೊಂದರೆ ಕೊಡೋದು ಹೆಲ್ಪಿಂಗ್ ವರ್ಬೇ ಇಲ್ಲದ ವಾಕ್ಯ. ನಮ್ಮ ಸಕಲೇಶಪುರದ ಮಳೆಯನ್ನೇ ತಗೊಳ್ಳಿ:

ದ ರೇನ್ ನಾಟ್ ಓನ್ಲಿ ಡ್ಯಾಮೇಜ್ಡ್ ದ ಕಾಫಿ ಬಟ್ ಆಲ್ಸೋ ಬ್ಲಾಕ್ಡ್ ದ ಘಾಟ್ ರೋಡ್.

ಈಗ ‘ನಾಟ್ ಓನ್ಲಿ’ಯನ್ನು ಮೊದಲಿಗೆ ತನ್ನಿ. ಮುಂದೆ ಬರಲು ಹೆಲ್ಪಿಂಗ್ ವರ್ಬ್ ಇಲ್ಲ, ಅದಕ್ಕೇ ‘ಡಿಡ್’ ಬರುತ್ತದೆ. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ಡ್ಯಾಮೇಜ್ಡ್’ ಬರೀ ‘ಡ್ಯಾಮೇಜ್’ ಆಗುತ್ತದೆ:

ನಾಟ್ ಓನ್ಲಿ ಡಿಡ್ ದ ರೇನ್ ಡ್ಯಾಮೇಜ್ ದ ಕಾಫಿ, ಬಟ್ ಇಟ್ ಆಲ್ಸೋ ಬ್ಲಾಕ್ಡ್ ದ ಘಾಟ್ ರೋಡ್.

ಎರಡನೇ ಭಾಗ ನೋಡಿ. ಅಲ್ಲಿ ‘ಬಟ್ ಡಿಡ್ ಇಟ್’ ಅಲ್ಲ. ‘ಬ್ಲಾಕ್ಡ್’ ಇದ್ದ ಹಾಗೇ ಇದೆ, ಜೊತೆಗೆ ‘ಇಟ್’ ಅಂತ ಹೊಸ ಕರ್ತೃ ಬಂದಿದೆ. ತಿರುಗೋದು ಮೊದಲ ಭಾಗ ಮಾತ್ರ. ಅನುಮಾನ ಬಂದರೆ ‘ನಾಟ್ ಓನ್ಲಿ’ ತೆಗೆದು ಕಾಮಾವರೆಗೆ ಓದಿ: ‘ಡಿಡ್ ದ ರೇನ್ ಡ್ಯಾಮೇಜ್ ದ ಕಾಫಿ?’ ಸರಿಯಾದ ಪ್ರಶ್ನೆ ಆಯ್ತು ಅಂದ್ರೆ ವಾಕ್ಯವೂ ಸರಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು, ‘ನೆವರ್’ ಮತ್ತು ‘ಹಾರ್ಡ್ಲಿ’ಗೂ ಕೆಲಸ ಮಾಡುತ್ತದೆ.

ಆದ್ರೆ ‘ನಾಟ್ ಓನ್ಲಿ ದ ರೇನ್ ಬಟ್ ಆಲ್ಸೋ ದ ವಿಂಡ್ ಡ್ಯಾಮೇಜ್ಡ್ ದ ಕಾಫಿ’ ಅನ್ನುವಾಗ ಏನೂ ತಿರುಗಲ್ಲ. ಇಲ್ಲಿ ‘ನಾಟ್ ಓನ್ಲಿ’ ಅಂಟಿಕೊಂಡಿರೋದು ಮಳೆಗೆ, ಹಾಳು ಮಾಡುವ ಕೆಲಸಕ್ಕಲ್ಲ. ‘ಹಾರ್ಡ್ಲಿ ಎನಿವನ್ ಕೇಮ್’ ಕೂಡ ಹಾಗೇ, ಅಲ್ಲಿ ‘ಹಾರ್ಡ್ಲಿ ಎನಿವನ್’ ಸೇರಿಯೇ ಕರ್ತೃ.

‘ಹಾರ್ಡ್ಲಿ’ ತಿರುಗುವ ವಾಕ್ಯ ಹೀಗಿರುತ್ತದೆ: ಹಾರ್ಡ್ಲಿ ಹ್ಯಾಡ್ ದ ಬಸ್ ಲೆಫ್ಟ್ ಹಾಸನ್ ವೆನ್ ಇಟ್ ಬ್ರೋಕ್ ಡೌನ್. ಇಲ್ಲಿ ‘ವೆನ್’ ಹಾಕಿ. ‘ದ್ಯಾನ್’ ಬರೋದು ‘ನೋ ಸೂನರ್’ ಜೊತೆ.

ಇನ್ನು ಇದೆಲ್ಲ ಯಾವಾಗ ಕೃತಕ ಅನಿಸುತ್ತದೆ? ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್’ ಅಂದ್ರೆ ಸರಿ, ಮಳೆ ಅಷ್ಟು ಜೋರಾಗಿತ್ತು, ಒತ್ತಿಗೆ ಕಾರಣ ಇದೆ. ಅದೇ ರೂಮ್‌ಮೇಟ್‌ ಹತ್ರ ‘ನೆವರ್ ಡು ಐ ಡ್ರಿಂಕ್ ಟೀ’ ಅಂದ್ರೆ ನಾಟಕದ ಡೈಲಾಗ್ ಆಗುತ್ತದೆ, ವ್ಯಾಕರಣ ಸರಿ ಇದ್ದರೂ. ಸುಮ್ನೆ ‘ಐ ನೆವರ್ ಡ್ರಿಂಕ್ ಟೀ’ ಅನ್ನಿ. ಬಸ್ಸಿನ ಕಥೆಯನ್ನೂ ಬಾಯಲ್ಲಿ ಹೇಳುವಾಗ ‘ದ ಬಸ್ ಹ್ಯಾಡ್ ಹಾರ್ಡ್ಲಿ ಲೆಫ್ಟ್’ ಸಾಕು. ಪ್ರಬಂಧದಲ್ಲೂ ಒಂದೇ ಪ್ಯಾರಾದಲ್ಲಿ ಎರಡೆರಡು ಸಲ ತಿರುಗಿಸಿದ್ರೆ ಭಾಷಣ ಓದಿದ ಹಾಗಿರುತ್ತದೆ. ನಾನಾದ್ರೆ ಎರಡನೆಯದನ್ನು ಮಾಮೂಲಿ ವಾಕ್ಯ ಮಾಡಿಬಿಡ್ತೇನೆ.