ಕೊನೆಯ ತಿಂಗಳು ಬಂದವರನ್ನು ಬೇರೆ ಇಡಿ

ತಿಂಗಳಿಗೊಂದು ಕಛೇರಿ ನಡೆಸುವ ಸಣ್ಣ ಸಂಗೀತ ಸಭೆಗಳವರು ವರದಿ ಬರೆಯುವ ಹೊತ್ತಿಗೆ ನನ್ನ ಹತ್ತಿರ ಬರುತ್ತಾರೆ. "ಸಾರ್, ಮೂರು ತಿಂಗಳಲ್ಲಿ 210 ಜನ!" ಅದು ಜನ ಅಲ್ಲ, ಹಾಜರಿ. ಇದನ್ನು ಅವರು ಬೇಗ ಒಪ್ಪಿಕೊಳ್ತಾರೆ.

ಒಬ್ಬರನ್ನು ಒಮ್ಮೆ ಮಾತ್ರ ಎಣಿಸಲು ಹೆಸರು ನಂಬಬೇಡಿ. ಒಬ್ಬರೇ ಜನವರಿಯಲ್ಲಿ ಮಂಜುನಾಥ್, ಫೆಬ್ರವರಿಯಲ್ಲಿ ಬರೀ ಮಂಜು. ಮೊಬೈಲ್ ನಂಬರ್ ಹಿಡಿಯಿರಿ. ಎಕ್ಸೆಲ್‌ನ A2 ಕೋಶದಲ್ಲಿ ನಂಬರ್ ಇದೆ ಅಂತಿಟ್ಟುಕೊಳ್ಳಿ. ಖಾಲಿ ಜಾಗ ತೆಗೆದು ಕೊನೆಯ 10 ಅಂಕಿ ಇಟ್ಟುಕೊಂಡರೆ +91, ಸೊನ್ನೆಗಳ ಕಾಟ ಇರಲ್ಲ:

```
=RIGHT(SUBSTITUTE(A2," ",""),10)
```

ಗಂಡ ಹೆಂಡತಿ ಒಂದೇ ನಂಬರ್ ಬರೆದಿದ್ದರೆ ಇಬ್ಬರೂ ಒಬ್ಬರಾಗಿಬಿಡುತ್ತಾರೆ, ಅಷ್ಟು ತಪ್ಪು ಉಳಿಯುತ್ತದೆ.

ಈಗ ನನ್ನ ತಾಳ್ಮೆ ತಿನ್ನುವ ವಿಷಯ. ಉದಾಹರಣೆಗೆ, ಜನವರಿಗೆ 60, ಫೆಬ್ರವರಿಗೆ 70, ಮಾರ್ಚ್‌ಗೆ 80 ಹಾಜರಿ ಅಂತಿಟ್ಟುಕೊಳ್ಳಿ. ಬೇರೆ ಬೇರೆ ಜನ 120. ಅವರಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದವರು 70. "ಅಂದ್ರೆ ಶೇ. 58 ಜನ ಮರಳಿ ಬಂದ್ರು, ಉಳಿದವರಿಗೆ ಹಿಡಿಸಲಿಲ್ಲ" ಅಂತ ಕಾರ್ಯದರ್ಶಿಗಳು ಮುಖ ಸಣ್ಣ ಮಾಡುತ್ತಾರೆ. ಆದರೆ ಒಮ್ಮೆ ಮಾತ್ರ ಬಂದ 50 ಜನರಲ್ಲಿ 30 ಮಂದಿ ಮೊದಲ ಸಲ ಬಂದಿದ್ದೇ ಮಾರ್ಚ್‌ನಲ್ಲಿ. ಏಪ್ರಿಲ್ ಕಛೇರಿ ಇನ್ನೂ ಆಗಿಲ್ಲ. ಮರಳಿ ಬರಲು ಅವರಿಗೆ ಅವಕಾಶವೇ ಸಿಕ್ಕಿಲ್ಲ, ಅಲ್ವಾ? ಅವರನ್ನು ಬೇರೆ ಸಾಲಿಗೆ ಹಾಕಿ. ಉಳಿದ 90ರಲ್ಲಿ 70, ಅಂದರೆ ಶೇ. 78. ಕಛೇರಿ ಅದೇ, ಜನ ಅದೇ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವರದಿಯಲ್ಲಿ ಮಾರ್ಚ್‌ನವರು ಮತ್ತೆ ಒಳಗೆ ಸೇರಿರುತ್ತಾರೆ!

ಇದೇ ತಪ್ಪಿಗೆ ಇನ್ನೊಂದು ಮುಖವಿದೆ. ಜನವರಿಯಲ್ಲಿ ಬಂದ 60ರಲ್ಲಿ 50 ಜನ ಮರಳಿದರು, ಶೇ. 83. ಫೆಬ್ರವರಿಯಲ್ಲಿ ಹೊಸದಾಗಿ ಬಂದ 30ರಲ್ಲಿ ಮರಳಿದವರು 20, ಶೇ. 67. ಫೆಬ್ರವರಿಯ ಕಲಾವಿದರ ಮೇಲೆ ಗೂಬೆ ಕೂರಿಸುವ ಮುಂಚೆ ಸ್ವಲ್ಪ ನಿಲ್ಲಿ. ಜನವರಿಯವರಿಗೆ ಸಿಕ್ಕಿದ್ದು ಎರಡು ಅವಕಾಶ, ಫೆಬ್ರವರಿಯವರಿಗೆ ಒಂದೇ. ಸರಿಯಾಗಿ ಮರುತಿಂಗಳೇ ಬಂದವರನ್ನಷ್ಟೇ ನೋಡಿ. ಜನವರಿಯ 60ರಲ್ಲಿ ಫೆಬ್ರವರಿಗೆ ಬಂದವರು 40. ಅದೂ ಶೇ. 67! ಎರಡೂ ಗುಂಪು ಒಂದೇ.

ಹಾಗಂತ ಈ 67ನ್ನು ಕಲ್ಲಲ್ಲಿ ಕೆತ್ತಬೇಡಿ. 30 ಜನರ ಗುಂಪಿನಲ್ಲಿ ಇಬ್ಬರಿಗೆ ಜ್ವರ ಬಂದರೂ ಅದು 60ಕ್ಕೆ ಇಳಿಯುತ್ತದೆ. ಇನ್ನೂ ಒಂದು ಮಾತು. ನೀವು ಹಾಜರಿ ಪುಸ್ತಕ ಇಡಲು ಶುರು ಮಾಡಿದ್ದೇ ಜನವರಿಯಲ್ಲಾದರೆ ಆ 60 ಜನರೆಲ್ಲ ಹೊಸಬರಲ್ಲ. ವರ್ಷಗಳಿಂದ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವ ಹಿರಿಯರೂ ಅದರಲ್ಲಿದ್ದಾರೆ. ಅವರು ಹೇಗಿದ್ರೂ ಬರ್ತಾರೆ, ಬರದಿದ್ದರೆ ನಾವೇ ಫೋನ್ ಮಾಡಿ ವಿಚಾರಿಸ್ತೀವಿ. ಅವರನ್ನು ಫೆಬ್ರವರಿಯ ಹೊಸಬರ ಜೊತೆ ಹೋಲಿಸಿದರೆ ಲೆಕ್ಕ ವಾಲುತ್ತದೆ. ಬಾಗಿಲಲ್ಲಿ ಕೂರುವ ಹುಡುಗನಿಗೆ ಹೇಳಿ, ನಂಬರ್ ಪಕ್ಕದಲ್ಲಿ "ಮೊದಲ ಸಲವಾ?" ಅಂತ ಕೇಳಿ ಒಂದು ಟಿಕ್ ಹಾಕಲಿ.