ಕಸದ ಆಟೊ ಬಂದ ಮೇಲೆ ಮೂಟೆ ಹಗುರವಾಯಿತು

ಕಲಬುರಗಿಯ ಬಡಾವಣೆಯೊಂದರಲ್ಲಿ ಕಸದ ಸಮೀಕ್ಷೆ ಮಾಡುತ್ತಿದ್ದಾಗ ಚಿಂದಿ ಆಯುವ ಹೆಂಗಸೊಬ್ಬರು ನನಗೆ ಪ್ಲಾಸ್ಟಿಕ್ ಪಾಠ ಹೇಳಿದರು. ಎರಡು ಕವರ್‌ಗಳನ್ನು ಕಿವಿಯ ಹತ್ತಿರ ಹಿಸುಕಿ ತೋರಿಸಿ, "ಇದು ಚರಚರ ಎನ್ನುತ್ತದೆ, ಇದರ ದರ ಬೇರೆ ಸಾಹೇಬರೇ. ಮೆತ್ತಗಿರುವುದರ ದರ ಬೇರೆ" ಎಂದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಬೆರಳಲ್ಲೇ ಇಟ್ಟುಕೊಂಡಿದ್ದರು. ಆದರೆ ಮನೆಮನೆಗೆ ಕಸದ ಆಟೊ ಬರತೊಡಗಿದ ಮೇಲೆ ಅವರ ಮೂಟೆ ಅರ್ಧಕ್ಕೆ ಇಳಿದಿತ್ತು.

ಮೊದಲು ಬೀದಿ ಮೂಲೆಯ ತೊಟ್ಟಿಯಲ್ಲಿ ಸಿಗುತ್ತಿದ್ದ ರಟ್ಟು, ಬಾಟಲಿ ಈಗ ಅನ್ನ ಸಾರಿನ ಜೊತೆ ಕಲೆತು ಆಟೊ ಸೇರುತ್ತವೆ. ನೆನೆದ ರಟ್ಟಿಗೆ ಗುಜರಿ ಅಂಗಡಿಯಲ್ಲಿ 'ತೇವ' ಎಂದು ತೂಕ ಕಡಿಯುತ್ತಾರೆ. ಅಂಗಡಿಯವನಿಂದ ಮುಂಗಡ ಪಡೆದವರು ಬೇರೆ ಕಡೆ ಮಾರುವಂತೆಯೂ ಇಲ್ಲ.

ಚಿಂದಿ ಆಯುವವರನ್ನು ಗುರುತಿಸಿ ಮನೆಮನೆ ಸಂಗ್ರಹದಲ್ಲಿ ಸೇರಿಸಿಕೊಳ್ಳಬೇಕೆಂದು 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳೇ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ನಾನು ಕಂಡ ಬಹುಪಾಲು ಕಡೆ ಅದು ಗುರುತಿನ ಚೀಟಿ, ಕೈಗವಸು, ಒಂದು ಫೋಟೊದಲ್ಲಿ ಮುಗಿಯಿತು. ತೊಡಕು ಇರುವುದು ಸಾಗಣೆಯ ಟೆಂಡರಿನಲ್ಲಿ. ಗುತ್ತಿಗೆದಾರನಿಗೆ ಟನ್ ಲೆಕ್ಕದಲ್ಲಿ ಹಣ ಕೊಡುವುದಾದರೆ, ಆಯುವವರು ತೆಗೆದ ಪ್ರತಿ ಕಿಲೋ ಅವನ ಬಿಲ್ಲಿನಲ್ಲಿ ಕಡಿತ. ಅವನು ಅವರನ್ನು ಆಟೊ ಹತ್ತಿರ ಬಿಟ್ಟುಕೊಳ್ಳುತ್ತಾನೆಯೇ? ಆದ್ದರಿಂದ ಹಣ ಮನೆಗಳ ಲೆಕ್ಕದಲ್ಲಿ ಸಲ್ಲಬೇಕು. ಒಣ ಕಸ ಆಯುವವರ ಗುಂಪಿನ ಪಾಲೆಂದು ಕರಾರಿನಲ್ಲಿ ಬರೆದಿರಬೇಕು.

ಪಾಲು ಸಿಕ್ಕಿದರೆ ಸಾಕೇ? ಒಂದು ಅಂದಾಜು ಹಾಕೋಣ. ಸಾವಿರ ಮನೆಗಳು, ಮನೆಗೆ ದಿನಕ್ಕೆ 300 ಗ್ರಾಂ ಒಣ ಕಸ ಎಂದರೆ 300 ಕಿಲೋ. ಮಾರಾಟಕ್ಕೆ ಬರುವುದು ಅರ್ಧ ಎಂದುಕೊಂಡರೆ 150 ಕಿಲೋ. ಸರಾಸರಿ ಕಿಲೋಗೆ 8 ರೂಪಾಯಿಯಂತೆ 1,200 ರೂಪಾಯಿ. ಸಂಗ್ರಹಕ್ಕೂ ವಿಂಗಡಣೆಗೂ ನಾಲ್ವರು ಬೇಕು, ತಲೆಗೆ 300. ಇದು ಸಂಸಾರಕ್ಕೆ ಸಾಲುವ ಕೂಲಿಯಲ್ಲ. ಪುಣೆಯಲ್ಲಿ ಆಯುವವರದೇ 'ಸ್ವಚ್ಛ್' ಸಹಕಾರಿ ಸಂಘ ನಿಂತಿದ್ದು ಈ ಕಾರಣಕ್ಕೇ: ಮಾರಾಟದ ಹಣದ ಜೊತೆಗೆ ಪ್ರತಿ ಮನೆಯಿಂದ ಸೇವಾ ಶುಲ್ಕವೂ ಅವರ ಕೈಸೇರುತ್ತದೆ. ನಮ್ಮಲ್ಲಿ ಮನೆಯವರು ಕೊಡಲು ಒಪ್ಪದಿದ್ದರೆ ಆ ಶುಲ್ಕವನ್ನು ಪಾಲಿಕೆಯೇ ತುಂಬಬೇಕು. ಸೂರಿರುವ ಶೆಡ್ಡು, ಅವರದೇ ಸುಪರ್ದಿಯಲ್ಲಿ ವಿದ್ಯುತ್ ತಕ್ಕಡಿ ಇದ್ದರೆ ಗುಜರಿಯ 'ತೇವ'ದ ಲೆಕ್ಕವೂ ನಿಲ್ಲುತ್ತದೆ.

ಉಳಿದ 150 ಕಿಲೋ ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ. ಯಾವ ಗುಜರಿಯೂ ಮುಟ್ಟದ ಸರಕು. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ: ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಇಂಥ ಪ್ಲಾಸ್ಟಿಕ್ಕನ್ನು ಸಿಮೆಂಟ್ ಗೂಡಿನಲ್ಲಿ ಇಂಧನವಾಗಿ ಉರಿಸಬಹುದು. ಒಣಗಿಸಿ, ಅದುಮಿ, ಲಾರಿ ತುಂಬಿ ಕಳಿಸುವ ವೆಚ್ಚ ಮಾತ್ರ ಪಾಲಿಕೆಯದಾಗಿರಬೇಕು. ಅದನ್ನು ಆಯುವವರ ತಲೆಗೆ ಕಟ್ಟಿದರೆ ಎರಡೇ ತಿಂಗಳಲ್ಲಿ ಗುಟ್ಕಾ ಚೀಟಿ ಛಾವಣಿ ಮುಟ್ಟಿ, ರಟ್ಟು ಮತ್ತೆ ಮಳೆಯಲ್ಲಿ ನೆನೆಯುತ್ತದೆ.